ಬ್ರೋಷರ್‌ನಲ್ಲಿದ್ದ ₹140 ಕೋಟಿಯನ್ನು ನಾನು ಲೆಕ್ಕ ಹಾಕಿ ನೋಡಿದ್ದು

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ. ಪಂಪ್‌ಗಳಿಗೆ ಬೇಕಾಗುವ ಕಂಟ್ರೋಲ್ ಪ್ಯಾನೆಲ್ ಮಾಡುತ್ತೇವೆ. ಹೋದ ವರ್ಷ ನೀರು ಮತ್ತು ಒಳಚರಂಡಿ ಕೆಲಸ ಮಾಡುವ ಒಂದು ಗುತ್ತಿಗೆ ಕಂಪನಿ 22 ಪ್ಯಾನೆಲ್‌ಗೆ ಆರ್ಡರ್ ಕೊಡಲು ಬಂತು. ಒಟ್ಟು ₹18 ಲಕ್ಷ. ಮುಂಗಡ 20 ಪರ್ಸೆಂಟ್, ಉಳಿದದ್ದು 60 ದಿನದ ಉದ್ದರಿ. ಜೊತೆಗೆ ಹೊಳೆಯುವ ಕಾಗದದ ಬ್ರೋಷರ್. ಅದರಲ್ಲಿ ಒಂಬತ್ತು ಸರ್ಕಾರಿ ಸಂಸ್ಥೆಗಳ ಲೋಗೋ, ಕೆಳಗೆ ದಪ್ಪ ಅಕ್ಷರದಲ್ಲಿ ‘ಕೈಯಲ್ಲಿರುವ ಕೆಲಸ ₹140 ಕೋಟಿ’.

ತಾಮ್ರದ ಬಸ್‌ಬಾರ್, ಬ್ರೇಕರ್ ಎಲ್ಲವನ್ನೂ ನಾನು ದುಡ್ಡು ಕೊಟ್ಟು ತರಬೇಕು. ₹14 ಲಕ್ಷಕ್ಕೂ ಹೆಚ್ಚು ಹೊರಗೆ ಸಿಕ್ಕಿಹಾಕಿಕೊಂಡರೆ ಎಂಟು ಜನ ಹುಡುಗರ ಸಂಬಳ ನಿಲ್ಲುತ್ತದೆ. ಹಾಗಾಗಿ ಆರ್ಡರ್ ಒಪ್ಪುವ ಮೊದಲು ಈ ಕಂಪನಿ ಸರ್ಕಾರಿ ಕೆಲಸಗಳನ್ನು ನಿಜವಾಗಿ ಗೆದ್ದಿದೆಯಾ, ಅದಕ್ಕೆ ದುಡ್ಡು ಕೊಡುವವರು ಯಾರು ಅಂತ ನಾನೇ ಹುಡುಕಲು ಕೂತೆ.

ಮೊದಲ ದಿನವೇ ಒಂದು ವಿಷಯ ಗೊತ್ತಾಯಿತು. ಟೆಂಡರ್ ಪೋರ್ಟಲ್‌ಗಳಲ್ಲಿ ಕಂಪನಿಯ ಹೆಸರು ಹಾಕಿದರೆ ಗೆದ್ದ ಕೆಲಸಗಳ ಪಟ್ಟಿ ಬರುವುದಿಲ್ಲ. ಅಲ್ಲಿ ಹುಡುಕುವುದು ಇಲಾಖೆ, ಕೆಲಸದ ಹೆಸರು, ಟೆಂಡರ್ ನಂಬರ್ ಅಥವಾ ದಿನಾಂಕದಿಂದ. ಗೂಗಲ್‌ನಲ್ಲೂ ಹೆಚ್ಚೇನೂ ಸಿಗುವುದಿಲ್ಲ, ಯಾಕೆಂದರೆ ಬಹುಪಾಲು ಪುಟಗಳು ಕ್ಯಾಪ್ಚಾದ ಹಿಂದೆ ಇರುತ್ತವೆ. ಅಂದರೆ ಕಂಪನಿಯಿಂದ ಕೆಲಸಕ್ಕೆ ಹೋಗಲು ದಾರಿಯಿಲ್ಲ, ಕೆಲಸದಿಂದ ಕಂಪನಿಗೆ ಬರಬೇಕು.

ಅದಕ್ಕೇ ನಾನು ಅವರ ಮಾರ್ಕೆಟಿಂಗ್ ಮ್ಯಾನೇಜರ್‌ಗೆ ಫೋನ್ ಮಾಡಿದೆ. “ಸರ್, ನಿಮ್ಮ ದೊಡ್ಡ ಮೂರು ಕೆಲಸಗಳ ವರ್ಕ್ ಆರ್ಡರ್ ನಂಬರ್, ದಿನಾಂಕ, ಟೆಂಡರ್ ನಂಬರ್ ಕಳಿಸಿ. ಬ್ಯಾಂಕಿನವರು ಕೇಳ್ತಾರೆ” ಅಂದೆ. ಅದು ಸುಳ್ಳಲ್ಲ, ನಮ್ಮ ಓವರ್‌ಡ್ರಾಫ್ಟ್‌ಗೆ ಬ್ಯಾಂಕು ಕೇಳಿಯೇ ಕೇಳುತ್ತದೆ. ಎರಡು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ಮೂರು ಸಾಲು ಬಂತು. ಒಂದು ಕೊಳಚೆ ನೀರು ಪಂಪಿಂಗ್ ಸ್ಟೇಷನ್, ₹62 ಕೋಟಿ. ಇನ್ನೊಂದು ಹಲವು ಹಳ್ಳಿಗಳ ಕುಡಿಯುವ ನೀರಿನ ಯೋಜನೆ, ₹66 ಕೋಟಿ. ಮೂರನೆಯದು ಕೇಂದ್ರ ಸರ್ಕಾರದ ಒಂದು ಸಂಸ್ಥೆಯ ಆವರಣದಲ್ಲಿ ಕಟ್ಟಿ ಮುಗಿಸಿದ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ, ₹4.8 ಕೋಟಿ.

ಪೋರ್ಟಲ್ ತೆರೆಯುವ ಮುಂಚೆ ಕಂಪನಿಯ ಸಿಐಎನ್, ಅಂದರೆ ನೋಂದಣಿಯಾದಾಗ ಸಿಗುವ ಗುರುತಿನ ನಂಬರ್ ನೋಡಿದೆ. ಅದರಲ್ಲಿ 21 ಅಕ್ಷರ, ಅಂಕಿ ಇರುತ್ತವೆ. 9ರಿಂದ 12ನೆಯವರೆಗಿನ ನಾಲ್ಕು ಅಂಕಿ ಕಂಪನಿ ನೋಂದಣಿಯಾದ ವರ್ಷ. ಇವರದು 2019. ಬ್ರೋಷರ್‌ನಲ್ಲಿ ‘25 ವರ್ಷಗಳ ಅನುಭವ’ ಅಂತ ಇತ್ತು. ಕೇಳಿದಾಗ, ಮೊದಲು ತಂದೆಯವರ ಹೆಸರಿನಲ್ಲಿ ಪ್ರೊಪ್ರೈಟರ್ ಸಂಸ್ಥೆ ಇತ್ತು ಅಂದರು. ಇದು ಮೋಸವೇನಲ್ಲ, ಆದರೆ 2019ಕ್ಕಿಂತ ಹಿಂದಿನ ಕೆಲಸಗಳು ಬೇರೆ ಹೆಸರಿನಲ್ಲಿರುತ್ತವೆ. ಇದು ಗೊತ್ತಿಲ್ಲದಿದ್ದರೆ ನಾನು ‘ಏನೂ ಸಿಗಲಿಲ್ಲ’ ಅಂತ ತಪ್ಪು ತಿಳಿಯುತ್ತಿದ್ದೆ.

ಸುಲಭವಾಗಿ ಸಿಕ್ಕಿದ್ದು ಕೇಂದ್ರದ ಕೆಲಸ. `eprocure.gov.in`ನಲ್ಲಿ ಟೆಂಡರ್ ಫಲಿತಾಂಶಗಳ ವಿಭಾಗಕ್ಕೆ ಹೋಗಿ ಸಂಸ್ಥೆಯನ್ನು ಆರಿಸಿದೆ. `Sewage Treatment` ಅಂತ ಹಾಕಿದಾಗ ಬರಲಿಲ್ಲ, `STP` ಅಂತ ಹಾಕಿದಾಗ ಬಂತು. ಕೆಲಸದ ಹೆಸರನ್ನು ಒಬ್ಬೊಬ್ಬ ಎಂಜಿನಿಯರ್ ಒಂದೊಂದು ರೀತಿ ಟೈಪ್ ಮಾಡಿರುತ್ತಾರೆ, ಹಾಗಾಗಿ ಮೂರು ನಾಲ್ಕು ರೂಪದಲ್ಲಿ ಹಾಕಿ ನೋಡಬೇಕು. ಆ ಪುಟದಲ್ಲಿ ಎಷ್ಟು ಬಿಡ್ ಬಂದಿದ್ದವು, ಯಾರಿಗೆ ಕೊಟ್ಟರು, ಗುತ್ತಿಗೆಯ ಮೊತ್ತ ಎಷ್ಟು, ದಿನಾಂಕ ಯಾವುದು ಎಲ್ಲ ಇತ್ತು. ಹೆಸರು, ಮೊತ್ತ ಎರಡೂ ತಾಳೆಯಾದವು. ಇದು ಅವರೇ ಗೆದ್ದ ಕೆಲಸ.

ರಾಜ್ಯದ ಎರಡು ಕೆಲಸಗಳಿಗೆ ಜಾಸ್ತಿ ಸಮಯ ಹಿಡಿಯಿತು. ಈಗ ಕರ್ನಾಟಕದ ಟೆಂಡರ್‌ಗಳು `kppp.karnataka.gov.in`ನಲ್ಲಿ ನಡೆಯುತ್ತವೆ. ಮೊದಲು `eproc.karnataka.gov.in`ನಲ್ಲಿ ನಡೆಯುತ್ತಿದ್ದವು. ಹಳೆಯ ಕೆಲಸ ಹೊಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ಅದು ಇರಲೇ ಇಲ್ಲ ಅಂತ ಅರ್ಥವಲ್ಲ. ಇನ್ನೊಂದು ವಿಷಯ: 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ಕಲಮಿನಡಿ ಸರ್ಕಾರ ಕೆಲವು ಖರೀದಿಗಳಿಗೆ ಟೆಂಡರ್‌ನಿಂದ ವಿನಾಯಿತಿ ಕೊಡುತ್ತದೆ. ಅಂಥ ಕೆಲಸಕ್ಕೆ ಟೆಂಡರ್ ದಾಖಲೆಯೇ ಇರುವುದಿಲ್ಲ.

₹66 ಕೋಟಿಯ ನೀರಿನ ಯೋಜನೆಯಲ್ಲಿ ನನಗೆ ನಿಜವಾದ ಆಘಾತ. ಹಣಕಾಸು ಬಿಡ್ ತೆರೆದ ಪಟ್ಟಿಯಲ್ಲಿ ಮೂರು ಹೆಸರಿದ್ದವು. ಈ ಕಂಪನಿ ಎಲ್2, ಅಂದರೆ ಎರಡನೇ ಕಡಿಮೆ ದರ. ಕೆಲಸ ಸಿಕ್ಕಿದ್ದು ಬೇರೆಯವರಿಗೆ! ಮ್ಯಾನೇಜರ್‌ಗೆ ಮತ್ತೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೆದ್ದವರ ಹತ್ತಿರ ಎಲೆಕ್ಟ್ರಿಕಲ್ ಭಾಗ ನಾವು ಸಬ್ ಕಾಂಟ್ರಾಕ್ಟ್ ತಗೊಂಡಿದೀವಿ” ಅಂದರು. ಎಷ್ಟಕ್ಕೆ? ₹3 ಕೋಟಿಗೆ.

ನನ್ನಂಥ ಸರಬರಾಜುದಾರನಿಗೆ ಈ ವ್ಯತ್ಯಾಸ ತುಂಬಾ ದೊಡ್ಡದು. ಇಲ್ಲಿ ಇಲಾಖೆ ಇವರ ಗಿರಾಕಿ ಅಲ್ಲ, ಆ ಮುಖ್ಯ ಗುತ್ತಿಗೆದಾರ ಇವರ ಗಿರಾಕಿ. ಇಲಾಖೆ ಬಿಲ್ ಪಾಸು ಮಾಡಿ, ಮುಖ್ಯ ಗುತ್ತಿಗೆದಾರ ಇವರಿಗೆ ಕೊಟ್ಟು, ಆಮೇಲೆ ನನ್ನ ಕೈಗೆ ಬರಬೇಕು. ಆ ಸರಪಳಿಯಲ್ಲಿ ನಾನು ಕೊನೆಯವನು. ನನ್ನ 22 ಪ್ಯಾನೆಲ್‌ಗಳಲ್ಲಿ 14 ಹೋಗಬೇಕಾಗಿದ್ದದ್ದು ಇದೇ ಕೆಲಸಕ್ಕೆ.

₹62 ಕೋಟಿಯ ಪಂಪಿಂಗ್ ಸ್ಟೇಷನ್ ಇವರಿಗೇ ಸಿಕ್ಕಿತ್ತು, ಆದರೆ ಗೆದ್ದವರ ಹೆಸರಿನ ಕೊನೆಯಲ್ಲಿ `JV` ಅಂತ ಎರಡು ಅಕ್ಷರ ಇತ್ತು. ಅಂದರೆ ಎರಡು ಕಂಪನಿ ಜಂಟಿಯಾಗಿ ಹಾಕಿದ ಟೆಂಡರ್. ಪೋರ್ಟಲ್‌ನಲ್ಲಿ ಯಾರ ಪಾಲು ಎಷ್ಟು ಅಂತ ಕಾಣಲಿಲ್ಲ, ಅದು ಜಂಟಿ ಒಪ್ಪಂದದ ಪತ್ರದಲ್ಲಿರುತ್ತದೆ. ಆ ಒಂದು ಪುಟ ಕೇಳಿ ತರಿಸಿಕೊಂಡೆ. ಇವರದು 26 ಪರ್ಸೆಂಟ್, ಸುಮಾರು ₹16 ಕೋಟಿ. ಅದರಲ್ಲಿ ಇನ್ನೂ ಮಾಡಬೇಕಾದದ್ದು ₹12 ಕೋಟಿಯಷ್ಟು.

ಆಗ ಬ್ರೋಷರ್‌ನ ಲೆಕ್ಕ ಬಿಡಿಸಿಕೊಂಡಿತು. ಜಂಟಿ ಕೆಲಸದ ಪೂರ್ತಿ 62, ಬೇರೆಯವರು ಗೆದ್ದ ಕೆಲಸದ ಪೂರ್ತಿ 66, ಜೊತೆಗೆ ಇವರ ಸ್ವಂತದ ಎರಡು ಸಣ್ಣ ಕೆಲಸ ಸೇರಿ 12. ಒಟ್ಟು 140. ಇವರು ನಿಜಕ್ಕೂ ಮಾಡಿ ಮುಗಿಸಬೇಕಾಗಿದ್ದದ್ದು ಜಂಟಿಯಲ್ಲಿ 12, ಸಬ್ ಕಾಂಟ್ರಾಕ್ಟ್‌ನಲ್ಲಿ ಉಳಿದ 2, ಸ್ವಂತದ್ದು 12. ಎಲ್ಲ ಸೇರಿ ₹26 ಕೋಟಿ.

ಈ 26 ನಿಜವೇ ಅಂತ ಇನ್ನೊಂದು ಕಡೆಯಿಂದ ನೋಡಬೇಕಿತ್ತು. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ₹100 ಕಟ್ಟಿದರೆ ಒಂದು ಕಂಪನಿ ಸಲ್ಲಿಸಿದ ಲೆಕ್ಕಪತ್ರ ನೋಡಬಹುದು. ಐದು ವರ್ಷದಲ್ಲಿ ಅತಿ ಹೆಚ್ಚಿನ ವಹಿವಾಟು ₹20 ಕೋಟಿ ಇತ್ತು. ಕಾಮಗಾರಿ ಟೆಂಡರ್ ದಾಖಲೆಗಳಲ್ಲಿ ಗುತ್ತಿಗೆದಾರನ ಸಾಮರ್ಥ್ಯ ಅಳೆಯಲು ಒಂದು ಸೂತ್ರ ಇರುತ್ತದೆ.

```
A × N × 1.5 − B
```

A ಅಂದರೆ ಕಳೆದ ಐದು ವರ್ಷದಲ್ಲಿ ಒಂದೇ ವರ್ಷದಲ್ಲಿ ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತ. N ಅಂದರೆ ಹೊಸ ಕೆಲಸ ಮುಗಿಸಲು ಕೊಟ್ಟ ವರ್ಷಗಳು. B ಅಂದರೆ ಆ ಅವಧಿಯಲ್ಲಿ ಮುಗಿಸಬೇಕಾದ, ಈಗಾಗಲೇ ಕೈಯಲ್ಲಿರುವ ಕೆಲಸ. ಕೆಲವು ಟೆಂಡರ್‌ಗಳಲ್ಲಿ 1.5ರ ಜಾಗದಲ್ಲಿ 2 ಅಥವಾ 2.5 ಇರುತ್ತದೆ, ಆಯಾ ದಾಖಲೆಯಲ್ಲೇ ನೋಡಬೇಕು.

ಇವರು ಆಗಷ್ಟೇ ಗೆದ್ದಿದ್ದ ಒಂದು ಹೊಸ ಕೆಲಸಕ್ಕೆ ಅವಧಿ 18 ತಿಂಗಳು. 20ನ್ನು 1.5 ವರ್ಷಕ್ಕೆ, ಮತ್ತೆ 1.5ಕ್ಕೆ ಗುಣಿಸಿದರೆ 45. ಬ್ರೋಷರ್ ನಿಜವಾಗಿದ್ದು, 140ರಲ್ಲಿ ಅರ್ಧ ಮಾತ್ರ ಆ 18 ತಿಂಗಳಲ್ಲಿ ಬೀಳುತ್ತದೆ ಅಂದುಕೊಂಡರೂ B 70 ಆಗುತ್ತದೆ. ಸಾಮರ್ಥ್ಯ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಹೊಸ ಕೆಲಸಕ್ಕೆ ಅರ್ಹತೆಯೇ ಸಿಗುತ್ತಿರಲಿಲ್ಲ. B 26 ಆದರೆ ₹19 ಕೋಟಿಯ ಸಾಮರ್ಥ್ಯ ಉಳಿಯುತ್ತದೆ. ಕೆಲಸ ಸಿಕ್ಕಿದೆ ಅಂದಮೇಲೆ ಇಲಾಖೆಯ ಮುಂದೆ ಅವರು 140 ಅಂತ ಬರೆದುಕೊಟ್ಟಿರಲು ಸಾಧ್ಯವಿಲ್ಲ, ಅಲ್ವಾ?

ಮುಗಿದ ಎಸ್‌ಟಿಪಿ ಹೇಗೆ ಮುಗಿಯಿತು ಅಂತ ತಿಳಿಯಲು `rtionline.gov.in`ನಲ್ಲಿ ₹10 ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಮೂರೇ ದಾಖಲೆ ಕೇಳಿದೆ: ವರ್ಕ್ ಆರ್ಡರ್, ಕೆಲಸ ಮುಗಿದ ಪ್ರಮಾಣಪತ್ರ, ಅವಧಿ ವಿಸ್ತರಣೆ ಅಥವಾ ದಂಡದ ಆದೇಶ. ‘ಎಲ್ಲ ಕಡತ ಕೊಡಿ’ ಅಂತ ಬರೆದರೆ ವಾಣಿಜ್ಯ ಗುಟ್ಟು ಅಂತ ತಳ್ಳಿಹಾಕುವುದು ಸುಲಭ. ಒಂದು ಎಚ್ಚರಿಕೆಯೂ ಇದೆ. ಮೂರನೆಯವರ ಗುಟ್ಟಿನ ಮಾಹಿತಿ ಅನ್ನಿಸಿದರೆ ಅಧಿಕಾರಿ ಕೊಡುವ ಮುಂಚೆ ಆ ಕಂಪನಿಯನ್ನು ಕೇಳಬೇಕು. ಆಗ ನೀವು ವಿಚಾರಿಸುತ್ತಿರುವುದು ಅವರಿಗೂ ಗೊತ್ತಾಗಬಹುದು. ನಾನು ಮೊದಲೇ ಅವರಿಗೆ ಹೇಳಿಬಿಟ್ಟೆ.

26ನೇ ದಿನ ಉತ್ತರ ಬಂತು. ಕೆಲಸ 11 ತಿಂಗಳು ತಡವಾಗಿತ್ತು. ಆದರೆ ಜಾಗ ಬಿಟ್ಟುಕೊಡುವುದು ತಡವಾದ ಕಾರಣ ದಂಡವಿಲ್ಲದೆ ಅವಧಿ ವಿಸ್ತರಿಸಿದ್ದರು. ಬರೀ ದಿನಾಂಕ ನೋಡಿದ್ದರೆ ಇವರ ಬಗ್ಗೆ ತಪ್ಪಾಗಿ ತಿಳಿದುಕೊಳ್ಳುತ್ತಿದ್ದೆ.

ಕೊನೆಗೆ ಅವರ ಆಫೀಸಿಗೆ ಹೋದೆ. ಡೈರೆಕ್ಟರ್ ನನಗಿಂತ ಚಿಕ್ಕವರು. ಎಲ್ಲವನ್ನೂ ಮೇಜಿನ ಮೇಲೆ ಇಟ್ಟು, “ಫಾರ್ಮ್ 26ಎಎಸ್ ಒಮ್ಮೆ ತೋರಿಸ್ತೀರಾ, ಕಾಪಿ ಬೇಡ” ಅಂತ ಕೇಳಿದೆ. ಟಿಡಿಎಸ್ ಕಡಿತ ಮಾಡಿದವರ ಹೆಸರು, ಮೊತ್ತ ಅದರಲ್ಲಿ ಬರುತ್ತದೆ. ಅಂದರೆ ನಿಜವಾಗಿ ದುಡ್ಡು ಕೊಟ್ಟವರು ಯಾರು ಅಂತ ಗೊತ್ತಾಗುತ್ತದೆ. ಅವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಒಂಬತ್ತು ಲೋಗೋಗಳ ಪೈಕಿ ಕಂಡದ್ದು ಮೂರು ಸರ್ಕಾರಿ ಹೆಸರು. ಅದರ ಜೊತೆ ಜಂಟಿ ಸಂಸ್ಥೆಯ ಹೆಸರು, ಆ ಮುಖ್ಯ ಗುತ್ತಿಗೆದಾರನ ಹೆಸರು. ಗುತ್ತಿಗೆದಾರನ ಕೊನೆಯ ಪಾವತಿ ಐದು ತಿಂಗಳ ಹಿಂದಿನದು.

“ಸರ್, ನಿಮ್ಮ ಸ್ವಂತ ಕೆಲಸಕ್ಕೆ ಬೇಕಾದ 8 ಪ್ಯಾನೆಲ್ 60 ದಿನದ ಉದ್ದರಿಗೆ ಕೊಡ್ತೀನಿ. ನೀರಿನ ಯೋಜನೆಯ 14ಕ್ಕೆ ಪೂರ್ತಿ ದುಡ್ಡು ಕೊಟ್ಟ ಮೇಲೆ ಲೋಡ್ ಮಾಡ್ತೀನಿ” ಅಂದೆ. ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ಎಂಟರ ದುಡ್ಡು 41ನೇ ದಿನ ಬಂತು. ಹದಿನಾಲ್ಕರಲ್ಲಿ ಆರನ್ನು ದುಡ್ಡು ಕಟ್ಟಿ ತೆಗೆದುಕೊಂಡು ಹೋದರು. ಉಳಿದ ಎಂಟಕ್ಕೆ ಇನ್ನೂ ಸಾಮಾನು ತಂದಿಲ್ಲ.