ಉದ್ದದ ದಾರಿ, ಕಡಿಮೆ ಹೊತ್ತು

ನಾನು ಫ್ಲೈಟ್ ಡಿಸ್ಪ್ಯಾಚರ್. ವಿಮಾನ ಹೊರಡುವ ಕೆಲವು ಗಂಟೆ ಮೊದಲು ಅದರ ದಾರಿ, ಎತ್ತರ, ಇಂಧನದ ಲೆಕ್ಕ ಹಾಕುವುದು ನನ್ನ ಕೆಲಸ. ನ್ಯೂಯಾರ್ಕ್–ಲಂಡನ್ ನಡುವಿನ ವಿಮಾನಗಳನ್ನೇ ಹೆಚ್ಚಾಗಿ ನೋಡಿಕೊಂಡಿದ್ದೇನೆ. ಲಂಡನ್‌ಗೆ ಬೇಗ ಹೋಗುತ್ತೇವೆ, ವಾಪಸ್ ಬರುವಾಗ ತಡ. ಭೂಮಿ ತಿರುಗುವುದಕ್ಕೇ ಹೀಗೆ ಅಂತ ಅನೇಕರು ಅಂದುಕೊಂಡಿದ್ದಾರೆ. ಆದರೆ ಗಾಳಿಯೂ ಭೂಮಿಯ ಜೊತೆಯಲ್ಲೇ ತಿರುಗುತ್ತದೆ, ಅಲ್ವಾ? ವ್ಯತ್ಯಾಸ ಮಾಡುವುದು ಜೆಟ್ ಸ್ಟ್ರೀಮ್. ಧ್ರುವದ ಕಡೆಯ ತಣ್ಣನೆ ಗಾಳಿಗೂ ಉಷ್ಣವಲಯದ ಬಿಸಿ ಗಾಳಿಗೂ ಅಂತರ ಇರುವ ಕಡೆ, 9ರಿಂದ 12 ಕಿ.ಮೀ. ಎತ್ತರದಲ್ಲಿ, ಅದು ನದಿಯ ಹಾಗೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ಜೋರು ಜಾಸ್ತಿ. ಭೂಮಿಯ ತಿರುಗುವಿಕೆ ಆ ಗಾಳಿಯನ್ನು ಪೂರ್ವಕ್ಕೆ ಬಾಗಿಸುತ್ತದೆ, ಅಷ್ಟೇ.

ಒಂದು ಚಳಿಗಾಲದ ದಿನದ ಲೆಕ್ಕ ಹೇಳುತ್ತೇನೆ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಎಳೆದು ಹಿಡಿದರೆ ಸಿಗುವ ದಾರಿ ಸುಮಾರು 3,000 ನಾಟಿಕಲ್ ಮೈಲಿ, ಅಂದರೆ 5,500 ಕಿ.ಮೀ. ವಿಮಾನಕ್ಕೆ ಗಾಳಿಯೊಳಗಿನ ವೇಗ 480 ನಾಟ್, ಅಂದರೆ ಗಂಟೆಗೆ 480 ನಾಟಿಕಲ್ ಮೈಲಿ. ಗಾಳಿಯೇ ಇಲ್ಲದಿದ್ದರೆ 6 ಗಂಟೆ 15 ನಿಮಿಷ. ಅವತ್ತು ಆ ದಾರಿಯಲ್ಲಿ ಸರಾಸರಿ 100 ನಾಟ್ ಗಾಳಿ ಇತ್ತು. ಪೂರ್ವಕ್ಕೆ ಹೋದರೆ 580 ನಾಟ್, 5 ಗಂಟೆ 10 ನಿಮಿಷ. ಪಶ್ಚಿಮಕ್ಕೆ ಅದೇ ದಾರಿಯಲ್ಲಿ ಬಂದರೆ 380 ನಾಟ್, 7 ಗಂಟೆ 54 ನಿಮಿಷ. ಹೋಗುವಾಗ ಉಳಿದದ್ದು 65 ನಿಮಿಷ, ಬರುವಾಗ ಕಳೆದದ್ದು 99 ನಿಮಿಷ. ಎದುರು ಗಾಳಿಯಲ್ಲಿ ವೇಗ ಕಮ್ಮಿ, ಹಾಗಾಗಿ ಅದರೊಳಗೆ ಇರುವ ಹೊತ್ತೂ ಜಾಸ್ತಿ. ಎರಡೂ ಸರಿಹೋಗುವುದೇ ಇಲ್ಲ.

ಅದಕ್ಕೇ ಪಶ್ಚಿಮಕ್ಕೆ ಬರುವ ವಿಮಾನಕ್ಕೆ ನಾನು ಆ ದಾರಿ ಕೊಡಲಿಲ್ಲ. ಗಾಳಿಯ ನಕ್ಷೆಯಲ್ಲಿ ಚಿಕ್ಕ ಬಾಣಗಳಿರುತ್ತವೆ: ಒಂದು ತ್ರಿಕೋನ ಅಂದರೆ 50 ನಾಟ್, ಒಂದು ಗೆರೆ 10, ಅರ್ಧ ಗೆರೆ 5. ಎರಡು ಮೂರು ತ್ರಿಕೋನಗಳು ಸಾಲಾಗಿ ಬಂದರೆ ಅದೇ ಜೆಟ್‌ನ ನಡುಭಾಗ. ಗ್ರೀನ್‌ಲ್ಯಾಂಡ್‌ನ ದಕ್ಷಿಣ ತುದಿಯ ಕಡೆ ತ್ರಿಕೋನ ಒಂದೂ ಇರಲಿಲ್ಲ. ಆ ಕಡೆಯಿಂದ ಸುತ್ತಿದರೆ ದಾರಿ 200 ನಾಟಿಕಲ್ ಮೈಲಿ ಹೆಚ್ಚು ಉದ್ದ, ಆದರೆ ಎದುರು ಗಾಳಿ ಸರಾಸರಿ 40 ನಾಟ್ ಮಾತ್ರ. 3,200 ಮೈಲಿಗೆ 440 ನಾಟ್ ಅಂದರೆ 7 ಗಂಟೆ 16 ನಿಮಿಷ. ಉದ್ದದ ದಾರಿಯಲ್ಲಿ 38 ನಿಮಿಷ ಉಳಿಯಿತು. ಗಂಟೆಗೆ 6 ಟನ್ ಸುಡುವ ವಿಮಾನಕ್ಕೆ ಅದು ಹತ್ತಿರ ಹತ್ತಿರ 4 ಟನ್ ಇಂಧನ. ನಮಗೆ ನೆಲದ ದೂರ ಮುಖ್ಯ ಅಲ್ಲ, ಗಾಳಿಯೊಳಗೆ ಎಷ್ಟು ದೂರ ಹಾರಬೇಕು ಅನ್ನುವುದು ಮುಖ್ಯ.

ಎಲ್ಲರಿಗೂ ಒಂದೇ ಗಾಳಿ ಬೇಕಾದ್ದರಿಂದ ಸಾಗರದ ಮೇಲೆ ಪ್ರತಿದಿನ ಹೊಸ ದಾರಿಗಳನ್ನು ಹಾಕುತ್ತಾರೆ. ಪಶ್ಚಿಮಕ್ಕೆ ಹೋಗುವವನ್ನು ಬ್ರಿಟನ್–ಐರ್ಲೆಂಡ್ ಕಡೆಯ ಶಾನ್ವಿಕ್ ವಿಮಾನ ಸಂಚಾರ ನಿಯಂತ್ರಣ ಕೇಂದ್ರ, ಪೂರ್ವಕ್ಕೆ ಹೋಗುವವನ್ನು ಕೆನಡಾದ ಗ್ಯಾಂಡರ್ ಕೇಂದ್ರ ನಿರ್ಧರಿಸುತ್ತದೆ. ಜೆಟ್ ಸರಿದರೆ ಮರುದಿನ ದಾರಿಯೂ ಸರಿಯುತ್ತದೆ.

ಪೂರ್ವಕ್ಕೆ ಹೋಗುವ ವಿಮಾನವನ್ನು ಸುಮ್ನೆ ಜೆಟ್‌ಗೆ ನುಗ್ಗಿಸುವುದೂ ಸರಿಯಲ್ಲ. ಅದರ ಅಂಚಿನಲ್ಲಿ, ಅದರಲ್ಲೂ ಧ್ರುವದ ಕಡೆಯ ಅಂಚಿನಲ್ಲಿ, ಮೋಡವೇ ಇಲ್ಲದೆ ವಿಮಾನ ಕುಲುಕುತ್ತದೆ. ರಾಡಾರ್‌ನಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಒಂದು ಎತ್ತರಕ್ಕೂ ಅದರ ಮೇಲಿನದಕ್ಕೂ ಗಾಳಿ ಎಷ್ಟು ಬದಲಾಗಿದೆ ಅಂತ ನೋಡುತ್ತೇನೆ. 1,000 ಅಡಿಗೆ ಐದಾರು ನಾಟ್ ಬದಲಾದರೆ ಆ ಜಾಗ ನನಗೆ ಬೇಡ. ಹತ್ತು ನಿಮಿಷ ಹೋದರೂ ಪರವಾಗಿಲ್ಲ.

ಆ ಪಶ್ಚಿಮದ ವಿಮಾನಕ್ಕೆ ಮರಳಿ ಬರುತ್ತೇನೆ. 30 ಡಿಗ್ರಿ ಪಶ್ಚಿಮ ರೇಖೆ ದಾಟಿದಾಗ ಕ್ಯಾಪ್ಟನ್‌ರಿಂದ ಮೆಸೇಜ್ ಬಂತು: 8 ನಿಮಿಷ ತಡ, ಉಳಿದಿರುವ ಇಂಧನ ಪ್ಲಾನ್‌ಗಿಂತ 800 ಕೆ.ಜಿ. ಕಮ್ಮಿ, ಎದುರು ಗಾಳಿ 75 ನಾಟ್. ಮುನ್ಸೂಚನೆಗಿಂತ ಜೆಟ್ ಉತ್ತರಕ್ಕೆ ಸರಿದಿತ್ತು. ಎಂಜಿನ್ ಜಾಸ್ತಿ ಸುಡುತ್ತಿದೆಯಾ ಅಂತ ಮೊದಲು ನೋಡಿದೆ. ಇಲ್ಲ, ಗಂಟೆಯ ಲೆಕ್ಕ ಸರಿಯಾಗಿತ್ತು. ತಡವಾದ ಪ್ರತಿ ನಿಮಿಷಕ್ಕೆ 100 ಕೆ.ಜಿ., ಅಂದರೆ ಪೂರ್ತಿ ಗಾಳಿಯದ್ದೇ. 36,000 ಅಡಿಯಿಂದ 32,000ಕ್ಕೆ ಇಳಿದರೆ ಗಾಳಿ ಕಮ್ಮಿ ಅಂತ ಕಂಡಿತು. ಕೆಳಗೆ ಎಂಜಿನ್ ಸ್ವಲ್ಪ ಜಾಸ್ತಿ ಸುಡುತ್ತದೆ, ಆದರೂ ಒಟ್ಟು ಲೆಕ್ಕದಲ್ಲಿ ಲಾಭ. ಕ್ಯಾಪ್ಟನ್ ಅನುಮತಿ ಕೇಳಿ ಇಳಿದರು. ಅನಿರೀಕ್ಷಿತಕ್ಕೆ ಅಂತ ಇಟ್ಟಿದ್ದ ಇಂಧನ ಬಹುಪಾಲು ಖರ್ಚಾಯಿತು, ಕೊನೆಯ ಮೀಸಲು ಮುಟ್ಟಲಿಲ್ಲ.

ಅವತ್ತು ನಾನು ಮುನ್ಸೂಚನೆಯೊಂದನ್ನೇ ನಂಬಿದ್ದೆ. ಅದೇ ಕಡೆಯಲ್ಲಿ ಎರಡು ಗಂಟೆ ಮೊದಲು ಹಾರಿದ ವಿಮಾನಗಳು ಕಳಿಸಿದ ಗಾಳಿಯ ಮಾಹಿತಿಯನ್ನು ನೋಡಿರಲಿಲ್ಲ. ಈಗ ಅದನ್ನು ನೋಡದೆ ಪ್ಲಾನ್‌ಗೆ ಸಹಿ ಹಾಕುವುದಿಲ್ಲ. ದಾರಿ ಜೆಟ್‌ನ ಅಂಚಿಗೆ ಎರಡು ಡಿಗ್ರಿ ಒಳಗೆ ಇದ್ದರೆ 15 ನಿಮಿಷದ ಇಂಧನ ಜಾಸ್ತಿ ಹಾಕಿಸುತ್ತೇನೆ.