ಚಿನ್ನ-ಬೆಳ್ಳಿ ಅನುಪಾತ: ಓದುವುದು ಹೇಗೆ, ಬಳಸುವುದು ಹೇಗೆ

ಒಂದು ಔನ್ಸ್ ಚಿನ್ನ ಕೊಟ್ಟರೆ ಎಷ್ಟು ಔನ್ಸ್ ಬೆಳ್ಳಿ ಸಿಗುತ್ತದೆ? ಚಿನ್ನ-ಬೆಳ್ಳಿ ಅನುಪಾತ ಹೇಳುವುದು ಇಷ್ಟನ್ನೇ. ಚಿನ್ನದ ಬೆಲೆ ಔನ್ಸಿಗೆ 2,400 ಡಾಲರ್, ಬೆಳ್ಳಿಯದು 30 ಡಾಲರ್ ಇದ್ದರೆ ಅನುಪಾತ 80. ಭಾಗಿಸಿದಾಗ ಡಾಲರ್ ಹೊಡೆದುಹೋಗುತ್ತದೆ, ಉಳಿಯುವುದು ಬರೀ ಒಂದು ಸಂಖ್ಯೆ. ಆ ಸಂಖ್ಯೆ 80ರಿಂದ 90ಕ್ಕೆ ಹೋಯಿತು ಎಂದರೆ ಚಿನ್ನ ಏರಿತು ಎಂದು ಹೇಳಲು ಬರುವುದಿಲ್ಲ. ಎರಡೂ ಬಿದ್ದು, ಬೆಳ್ಳಿ ತುಸು ಹೆಚ್ಚೇ ಬಿದ್ದಿರಬಹುದು. ಅನುಪಾತ ಏರಿದರೆ ಚಿನ್ನದ ಮುಂದೆ ಬೆಳ್ಳಿ ಅಗ್ಗವಾಯಿತು, ಇಳಿದರೆ ದುಬಾರಿಯಾಯಿತು. ಬೆಳ್ಳಿ ಈಗ ಕೊಳ್ಳಲು ಯೋಗ್ಯವೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಮೊದಲು ಲೆಕ್ಕ ಸರಿಯಿರಲಿ

ಚಾರ್ಟ್ ತೋರಿಸುವ ತಾಣಗಳಲ್ಲಿ ಹುಡುಕುವ ಪೆಟ್ಟಿಗೆಗೆ ಹೀಗೆ ಟೈಪ್ ಮಾಡಿದರೆ ಸಾಮಾನ್ಯವಾಗಿ ಅನುಪಾತದ ಗೆರೆ ಬರುತ್ತದೆ:

```
XAUUSD/XAGUSD
```

ಕೈಯಲ್ಲಿ ಲೆಕ್ಕ ಹಾಕುವವರು ಎಡವುವುದು ಎರಡು ಕಡೆ. ಒಂದು ತೂಕ: ಚಿನ್ನವನ್ನು ಗ್ರಾಂ ಲೆಕ್ಕದಲ್ಲಿ, ಬೆಳ್ಳಿಯನ್ನು ಕಿಲೋ ಲೆಕ್ಕದಲ್ಲಿ ತೆಗೆದುಕೊಂಡು ನೇರವಾಗಿ ಭಾಗಿಸುವುದು. ಗ್ರಾಂ ಆದರೂ ಸರಿ, ಔನ್ಸ್ ಆದರೂ ಸರಿ, ಎರಡಕ್ಕೂ ಒಂದೇ ಅಳತೆ ಇರಬೇಕು. ಇನ್ನೊಂದು, ಬೆಲೆಯ ಬಗೆ ಮತ್ತು ಹೊತ್ತು. ಚಿನ್ನದ ಸ್ಪಾಟ್ ಬೆಲೆಯನ್ನು, ಅಂದರೆ ಇಂದೇ ಕೊಳ್ಳುವ ಬೆಲೆಯನ್ನು, ಮುಂದಿನ ತಿಂಗಳೊಂದಕ್ಕೆ ಒಪ್ಪಂದವಾದ ಬೆಳ್ಳಿಯ ಫ್ಯೂಚರ್ಸ್ ಬೆಲೆಯಿಂದ ಭಾಗಿಸಿದರೆ, ಅಥವಾ ಬೆಳಗಿನ ಚಿನ್ನವನ್ನು ಸಂಜೆಯ ಬೆಳ್ಳಿಯಿಂದ ಭಾಗಿಸಿದರೆ, ಮಾರುಕಟ್ಟೆಯಲ್ಲಿ ಇಲ್ಲದ ಅನುಪಾತವೊಂದು ಹುಟ್ಟುತ್ತದೆ. ಫ್ಯೂಚರ್ಸ್‌ನಲ್ಲಿ ತಿಂಗಳ ತೊಡಕೂ ಇದೆ. ನ್ಯೂಯಾರ್ಕ್‌ನ ಕೋಮೆಕ್ಸ್ ವಿನಿಮಯ ಕೇಂದ್ರದಲ್ಲಿ ಚಿನ್ನದ ವಹಿವಾಟು ಹೆಚ್ಚಾಗಿ ನಡೆಯುವುದು ಫೆಬ್ರುವರಿ, ಏಪ್ರಿಲ್, ಜೂನ್, ಆಗಸ್ಟ್, ಡಿಸೆಂಬರ್ ಒಪ್ಪಂದಗಳಲ್ಲಿ. ಬೆಳ್ಳಿಯದು ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ಡಿಸೆಂಬರ್ ಒಪ್ಪಂದಗಳಲ್ಲಿ. ಎರಡೂ ಕೂಡುವುದು ಡಿಸೆಂಬರಿನಲ್ಲಿ ಮಾತ್ರ. ಉಳಿದ ತಿಂಗಳುಗಳಲ್ಲಿ ಒಂದರ ಬೆಲೆಯಲ್ಲಿ ಇನ್ನೊಂದಕ್ಕಿಂತ ಒಂದು ತಿಂಗಳ ಬಡ್ಡಿ ಹೆಚ್ಚು ಸೇರಿರುತ್ತದೆ. ವ್ಯತ್ಯಾಸ ಚಿಕ್ಕದೇ, ಆದರೆ ಬಡ್ಡಿ ದರ ಹೆಚ್ಚಿರುವಾಗ ಕಣ್ಣಿಗೆ ಬೀಳುತ್ತದೆ.

80 ಹೆಚ್ಚೋ ಕಡಿಮೆಯೋ?

ಇಲ್ಲೇ ಬಹಳಷ್ಟು ಜನ ಎಡವುತ್ತಾರೆ. ಅಮೆರಿಕ 1792ರಲ್ಲಿ ನಾಣ್ಯಗಳಿಗೆ 15ಕ್ಕೆ 1 ಎಂಬ ಅನುಪಾತವನ್ನು ಕಾನೂನಿನಿಂದ ಕಟ್ಟಿತು. ಫ್ರಾನ್ಸ್ 1803ರಲ್ಲಿ 15.5 ಎಂದಿತು. ಇದನ್ನು ಹಿಡಿದು, ಅನುಪಾತ ಎಂದಾದರೂ 15ಕ್ಕೆ ಮರಳಲೇಬೇಕು ಎಂದು ವಾದಿಸುವವರು ಇಂದಿಗೂ ಇದ್ದಾರೆ. ಆ ಸಂಖ್ಯೆಯನ್ನು ಹಿಡಿದು ನಿಲ್ಲಿಸಿದ್ದು ಟಂಕಸಾಲೆಗಳು. ಅವು ಬೆಳ್ಳಿಯನ್ನು ಕೈಬಿಟ್ಟ ಮೇಲೆ ಆ ಬಿಗಿತವೂ ಹೋಯಿತು. ಗಣಿಯಿಂದ ವರ್ಷಕ್ಕೆ ಬರುವ ಬೆಳ್ಳಿ ಚಿನ್ನದ ಏಳೆಂಟು ಪಟ್ಟು ಮಾತ್ರ, ಆದ್ದರಿಂದ ಅನುಪಾತವೂ ಅಷ್ಟೇ ಇರಬೇಕು ಎಂಬ ವಾದ ಇನ್ನೂ ದುರ್ಬಲ. ಬೆಳ್ಳಿಯ ಬಹುಪಾಲು ಸೀಸ, ಸತು, ತಾಮ್ರ, ಚಿನ್ನದ ಗಣಿಗಳಲ್ಲಿ ಉಪೋತ್ಪನ್ನವಾಗಿ ಬರುತ್ತದೆ. ಬೆಳ್ಳಿಯ ಬೆಲೆ ಕುಸಿಯಿತೆಂದು ಸತುವಿನ ಗಣಿ ಬಾಗಿಲು ಹಾಕುವುದಿಲ್ಲ. ಇತ್ತ ಚಿನ್ನದ ಬೆಲೆ ನಿರ್ಧಾರವಾಗುವುದು ಆ ವರ್ಷ ಅಗೆದು ತೆಗೆದದ್ದರಿಂದಲ್ಲ, ಶತಮಾನಗಳಿಂದ ಕೂಡಿಟ್ಟದ್ದನ್ನು ಜನ ಹಿಡಿದುಕೊಳ್ಳುತ್ತಾರೋ ಬಿಡುತ್ತಾರೋ ಎಂಬುದರಿಂದ.

ಹಾಗಾದರೆ ಅಳತೆಗೋಲು ಯಾವುದು? ಹಿಂದಿನ ಓಡಾಟವೇ. ಬೆಳ್ಳಿ ಹುಚ್ಚೇರಿದ 1980ರ ಜನವರಿಯಲ್ಲಿ ಅನುಪಾತ 17ರ ಆಸುಪಾಸಿಗೆ ಇಳಿದಿತ್ತು. 1991ರಲ್ಲಿ 100ರ ಹತ್ತಿರ ಹೋಯಿತು. 2011ರ ಏಪ್ರಿಲ್‌ನಲ್ಲಿ 32ರ ಸುತ್ತ ಬಂತು, 2020ರ ಮಾರ್ಚ್‌ನಲ್ಲಿ 120 ದಾಟಿತು. ಇಷ್ಟು ಅಗಲದ ಹಾದಿಯಲ್ಲಿ 'ಸರಾಸರಿ' ಎಂಬುದು ಎಷ್ಟು ವರ್ಷದ ದತ್ತಾಂಶ ಹಿಡಿದಿರಿ ಎಂಬುದರ ಮೇಲೆ ಹೋಗುತ್ತದೆ. ಅನುಭವಿ ಟ್ರೇಡರುಗಳು ಸರಾಸರಿಗಿಂತ ಸ್ಥಾನವನ್ನು ನೋಡುತ್ತಾರೆ: ಕಳೆದ ಐದು ವರ್ಷಗಳ ದಿನದಿನದ ಅನುಪಾತಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಇಂದಿನದು ನೂರರಲ್ಲಿ ಎಷ್ಟನೆಯದು ಎಂದು ಕೇಳುತ್ತಾರೆ. ಆ ಸ್ಥಾನ 90ರ ಮೇಲಿದ್ದರೆ ಬೆಳ್ಳಿ ಸಾಪೇಕ್ಷವಾಗಿ ಅಗ್ಗ, 10ರ ಕೆಳಗಿದ್ದರೆ ದುಬಾರಿ. ನಡುವೆ ಇದ್ದಾಗ ಅನುಪಾತಕ್ಕೆ ಹೇಳುವುದೇನೂ ಇಲ್ಲ, ಸುಮ್ಮನಿರುವುದೇ ವಾಸಿ. ಇದೇ ಲೆಕ್ಕವನ್ನು ಹದಿನೈದು ವರ್ಷದ ದತ್ತಾಂಶದ ಮೇಲೂ ಹಾಕಿ ನೋಡಿ. ಎರಡೂ ಒಂದೇ ಮಾತು ಹೇಳದಿದ್ದರೆ ಆ ಸೂಚನೆಯನ್ನು ನಂಬುವುದು ಬೇಡ.

ಎರಡು ಕಾಲಿನ ವ್ಯವಹಾರ

ಅನುಪಾತ ಇಳಿಯುತ್ತದೆ ಎಂದು ನಂಬಿದವರು ಬೆಳ್ಳಿ ಕೊಂಡು, ಅಷ್ಟೇ ಮೌಲ್ಯದ ಚಿನ್ನವನ್ನು ಶಾರ್ಟ್ ಮಾಡುತ್ತಾರೆ, ಅಂದರೆ ಕೈಯಲ್ಲಿಲ್ಲದ್ದನ್ನು ಈಗ ಮಾರಿ ಮುಂದೆ ಕೊಳ್ಳುತ್ತಾರೆ. 'ಅಷ್ಟೇ ಮೌಲ್ಯ' ಎಂಬುದು ಮುಖ್ಯ. ಒಂದು ಲಾಟ್‌ಗೆ ಒಂದು ಲಾಟ್ ಎಂದು ಹೊರಟರೆ ಲೆಕ್ಕ ತಪ್ಪುತ್ತದೆ. ಕೋಮೆಕ್ಸ್‌ನ ಮೈಕ್ರೋ ಒಪ್ಪಂದಗಳನ್ನೇ ನೋಡೋಣ. ಮೈಕ್ರೋ ಚಿನ್ನ 10 ಔನ್ಸ್, ಮೈಕ್ರೋ ಬೆಳ್ಳಿ 1,000 ಔನ್ಸ್. ಮೊದಲು ಹೇಳಿದ 2,400 ಮತ್ತು 30 ಡಾಲರ್ ಬೆಲೆಯಲ್ಲಿ ಚಿನ್ನದ ಒಂದು ಲಾಟ್ 24,000 ಡಾಲರ್, ಬೆಳ್ಳಿಯದು 30,000. ನಾಲ್ಕು ಲಾಟ್ ಬೆಳ್ಳಿ ಕೊಂಡು ಐದು ಲಾಟ್ ಚಿನ್ನ ಶಾರ್ಟ್ ಮಾಡಿದರೆ ಎರಡೂ ಕಡೆ 1,20,000 ಡಾಲರ್ ಆಗಿ ತಕ್ಕಡಿ ಸಮವಾಗುತ್ತದೆ. ಕೈಯಲ್ಲಿರುವುದು 4,000 ಔನ್ಸ್ ಬೆಳ್ಳಿ, ಕೊಡಬೇಕಿರುವುದು 50 ಔನ್ಸ್ ಚಿನ್ನ.

ಈಗ ಬೆಲೆಗಳು ಓಡಲಿ. ಚಿನ್ನ 2,520ಕ್ಕೆ, ಬೆಳ್ಳಿ 36ಕ್ಕೆ ಏರಿತು, ಅನುಪಾತ 70 ಆಯಿತು ಎನ್ನಿ. ಬೆಳ್ಳಿಯಲ್ಲಿ ಔನ್ಸಿಗೆ 6 ಡಾಲರ್‌ನಂತೆ 24,000 ಲಾಭ, ಚಿನ್ನದಲ್ಲಿ ಔನ್ಸಿಗೆ 120ರಂತೆ 6,000 ನಷ್ಟ. ಉಳಿದದ್ದು 18,000. ಇನ್ನೊಂದು ದಾರಿಯಲ್ಲೂ ಅದೇ 70 ಬರಬಹುದು: ಚಿನ್ನ 1,960ಕ್ಕೆ ಕುಸಿದು, ಬೆಳ್ಳಿ 28ಕ್ಕಷ್ಟೇ ಇಳಿದರೆ. ಆಗ ಬೆಳ್ಳಿಯಲ್ಲಿ 8,000 ಹೋಯಿತು, ಚಿನ್ನದಲ್ಲಿ 22,000 ಬಂತು, ಉಳಿದದ್ದು 14,000. ಕೊಂಡ ಬೆಳ್ಳಿ ಬಿದ್ದರೂ ಲಾಭ. ಅನುಪಾತದ ವ್ಯವಹಾರದ ಸ್ವಭಾವವೇ ಇದು. ಇನ್ನು ಬೇಡವಾದ ಕಡೆ: ಚಿನ್ನ 2,340, ಬೆಳ್ಳಿ 26, ಅನುಪಾತ 90. ಬೆಳ್ಳಿಯಲ್ಲಿ 16,000 ನಷ್ಟ, ಚಿನ್ನದಲ್ಲಿ 3,000 ಲಾಭ, ಒಟ್ಟು 13,000 ಕೈಬಿಟ್ಟಿತು.

ಈ ಮೂರನೆಯದು ಬರೀ ಕಾಗದದ ಉದಾಹರಣೆಯಲ್ಲ, ಹೆಚ್ಚಾಗಿ ಆಗುವುದೇ ಹೀಗೆ. ಬೆಳ್ಳಿಯ ಮಾರುಕಟ್ಟೆ ಸಣ್ಣದು, ಅರ್ಧದಷ್ಟು ಬೇಡಿಕೆ ಕೈಗಾರಿಕೆಯದು. ಚಿನ್ನ ಒಂದು ಹೆಜ್ಜೆ ಇಟ್ಟರೆ ಬೆಳ್ಳಿ ಅದೇ ದಿಕ್ಕಿಗೆ ಒಂದೂವರೆ, ಎರಡು ಹೆಜ್ಜೆ ಹಾರುವುದು ವಾಡಿಕೆ. ಹಾಗಾಗಿ ಲೋಹಗಳು ಏರುವಾಗ ಅನುಪಾತ ಇಳಿಯುತ್ತದೆ, ಬೀಳುವಾಗ ಏರುತ್ತದೆ. ಎರಡೂ ಕಡೆ ಸಮ ಮೌಲ್ಯ ಇಟ್ಟವರು ತಾವು ದಿಕ್ಕಿನ ಮೇಲೆ ಹಣ ಕಟ್ಟಿಲ್ಲ ಎಂದುಕೊಂಡಿರುತ್ತಾರೆ. ನಿಜಕ್ಕೂ ಅವರು ಕಟ್ಟಿರುವುದು ಲೋಹಗಳ ಏರಿಕೆಯ ಮೇಲೆ. ಇದನ್ನು ತೆಗೆಯಬೇಕೆಂದರೆ ಚಿನ್ನದ ಕಡೆ ಭಾರ ಹೆಚ್ಚಿಸಬೇಕು. ಬೆಳ್ಳಿ ಚಿನ್ನದ 1.6 ಪಟ್ಟು ಓಡುತ್ತದೆ ಎಂದು ನಿಮ್ಮ ಲೆಕ್ಕ ಹೇಳಿದರೆ, 1,20,000 ಡಾಲರ್ ಬೆಳ್ಳಿಗೆ ಎದುರಾಗಿ 1,92,000 ಡಾಲರ್ ಚಿನ್ನ, ಅಂದರೆ ಎಂಟು ಲಾಟ್ ಶಾರ್ಟ್ ಬೇಕು. ಆಗ ಮೂರನೆಯ ಸನ್ನಿವೇಶದ ನಷ್ಟ 11,200ಕ್ಕೆ ಇಳಿಯುತ್ತದೆ. ಮೊದಲನೆಯದರ ಲಾಭವೂ 14,400ಕ್ಕೆ ಇಳಿಯುತ್ತದೆ. ಪುಕ್ಕಟೆ ಏನೂ ಇಲ್ಲ. ಮೇಲಾಗಿ ಆ 1.6 ಸ್ಥಿರ ಸಂಖ್ಯೆಯಲ್ಲ, ಗಾಬರಿಯ ದಿನಗಳಲ್ಲಿ ಅದೂ ಹಾರುತ್ತದೆ.

ಆರ್ಡರ್ ಹಾಕುವಾಗ ಬೆಳ್ಳಿಯನ್ನು ಮೊದಲು ಲಿಮಿಟ್ ಬೆಲೆಗೆ, ಅಂದರೆ ನೀವೇ ಕಟ್ಟಿದ ಗರಿಷ್ಠ ಬೆಲೆಗೆ, ಹಾಕಿ, ಅದು ಸಿಕ್ಕಿದ ಕ್ಷಣವೇ ಚಿನ್ನವನ್ನು ಮಾರುಕಟ್ಟೆ ಬೆಲೆಗೆ ಮಾರಿ. ಚಿನ್ನದಲ್ಲಿ ಯಾವಾಗಲೂ ಎದುರು ಕೈ ಸಿಗುತ್ತದೆ, ಬೆಳ್ಳಿಯಲ್ಲಿ ಅಷ್ಟು ಸಲೀಸಲ್ಲ. ತಿರುಗಿಸಿ ಮಾಡಿದರೆ ಚಿನ್ನದ ಒಂಟಿ ಕಾಲಿನ ಮೇಲೆ ನಿಂತು ಬೆಳ್ಳಿಯ ಹಿಂದೆ ಓಡಬೇಕಾಗುತ್ತದೆ.

ಅಗ್ಗವಾದದ್ದು ಇನ್ನೂ ಅಗ್ಗವಾದಾಗ

2018ರ ದ್ವಿತೀಯಾರ್ಧದಲ್ಲಿ ಅನುಪಾತ 80 ದಾಟಿದಾಗ, ಹಿಂದಿನ ಹಲವು ವರ್ಷಗಳ ಲೆಕ್ಕದಲ್ಲಿ ಅದು ತುದಿಯ ಸಂಖ್ಯೆಯೇ ಆಗಿತ್ತು. ಅಂದು ಬೆಳ್ಳಿ ಕೊಂಡು ಚಿನ್ನ ಮಾರಿದವರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. 2019ರ ನಡುವಿನ ಹೊತ್ತಿಗೆ ಅನುಪಾತ 90 ದಾಟಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಭೀತಿಗೆ ಕಾರ್ಖಾನೆಗಳು ನಿಲ್ಲುತ್ತಿದ್ದಂತೆ ಬೆಳ್ಳಿ 12 ಡಾಲರ್‌ಗೂ ಕೆಳಗೆ ಬಿತ್ತು, ಚಿನ್ನ 1,500ರ ಆಸುಪಾಸಿನಲ್ಲೇ ನಿಂತಿತು, ಅನುಪಾತ 120 ದಾಟಿತು. ಅದೇ ಆಗಸ್ಟ್ ಹೊತ್ತಿಗೆ 70ರ ಹತ್ತಿರ ಬಂತು. ಕೊನೆಗೆ ಅವರ ಮಾತೇ ನಿಜವಾಯಿತು, ಆದರೆ 80ರಿಂದ 120ರ ನಡುವಿನ ನಷ್ಟಕ್ಕೆ ಮಾರ್ಜಿನ್, ಅಂದರೆ ದಲ್ಲಾಳಿಯ ಬಳಿ ಇಡುವ ಠೇವಣಿ, ತುಂಬುತ್ತ ಎರಡು ವರ್ಷ ಉಳಿದವರಿಗೆ ಮಾತ್ರ.

ಆದ್ದರಿಂದ ಒಳಹೊಕ್ಕುವ ಮೊದಲೇ ಮೂರು ಸಂಖ್ಯೆ ಬರೆದಿಡಬೇಕು: ಯಾವ ಅನುಪಾತಕ್ಕೆ ಲಾಭ ತೆಗೆಯುವುದು, ಯಾವುದಕ್ಕೆ ಸೋಲೊಪ್ಪುವುದು, ಎಷ್ಟು ವಾರ ಕಾಯುವುದು. ಸ್ಟಾಪ್, ಅಂದರೆ ಸೋಲೊಪ್ಪಿ ಹೊರಬರುವ ಗುರುತು, ಇಡಬೇಕಾದದ್ದು ಅನುಪಾತದ ಮೇಲೆ. ಬೆಳ್ಳಿಯ ಬೆಲೆಗಷ್ಟೇ ಸ್ಟಾಪ್ ಇಟ್ಟರೆ ಒಂದು ಕಾಲು ಕಳಚಿ, ಚಿನ್ನದ ಶಾರ್ಟ್ ಒಂಟಿಯಾಗಿ ಉಳಿಯುತ್ತದೆ. ಇನ್ನೊಂದು ಸಣ್ಣ ಸಂಯಮವೂ ಇದೆ. ಅನುಪಾತ ತುದಿಗೆ ಹೋದ ದಿನವೇ ಕೈಹಾಕದೆ, ಅದು ತಿರುಗಿ ತನ್ನ 50 ದಿನಗಳ ಸರಾಸರಿಯ ಕೆಳಗೆ ಇಳಿಯುವವರೆಗೆ ಕಾಯುವುದು. ಲಾಭದ ಮೊದಲ ತುಂಡು ಕೈತಪ್ಪುತ್ತದೆ. 2018ರಿಂದ 2020ರ ನಡುವೆ ಸುಳ್ಳು ತಿರುವುಗಳೂ ಇದ್ದವು, ಸಿಕ್ಕಿಬೀಳುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಆದರೂ ಕುಸಿಯುತ್ತಿರುವ ಬೆಳ್ಳಿಗೆ ಬರಿಗೈ ಒಡ್ಡುವುದಕ್ಕಿಂತ ಇದು ಮೇಲು.

ಗಟ್ಟಿ ಲೋಹ ಬದಲಿಸುವವರಿಗೆ

ಫ್ಯೂಚರ್ಸ್ ಬೇಡ, ಇರುವ ಚಿನ್ನವನ್ನೇ ಬೆಳ್ಳಿಗೆ ಬದಲಿಸಿ, ಅನುಪಾತ ಇಳಿದಾಗ ಮರಳಿ ಚಿನ್ನ ಮಾಡಿಕೊಳ್ಳುತ್ತೇವೆ ಎನ್ನುವವರೂ ಇದ್ದಾರೆ. ಇಲ್ಲಿ ಮಾರ್ಜಿನ್ ಕರೆಯ ಕಾಟವಿಲ್ಲ, ಬದಲಿಗೆ ಕೊಳ್ಳುವ ಮತ್ತು ಮಾರುವ ದರದ ಅಂತರ ತಿನ್ನುತ್ತದೆ. ಪ್ರತಿ ಬದಲಾವಣೆಗೆ ಒಟ್ಟು 5% ಖರ್ಚು ಎಂದಿಟ್ಟುಕೊಳ್ಳಿ. 80ರಲ್ಲಿ ಒಂದು ಔನ್ಸ್ ಚಿನ್ನಕ್ಕೆ 80 ಅಲ್ಲ, 76 ಔನ್ಸ್ ಬೆಳ್ಳಿ ಬರುತ್ತದೆ. ಮರಳುವಾಗ ಮತ್ತೆ 5% ಕಳೆದರೆ ಲೆಕ್ಕಕ್ಕೆ ಉಳಿಯುವುದು 72.2. ಅಂದರೆ ಅನುಪಾತ 72.2ಕ್ಕೆ ಇಳಿದರೂ ನಿಮ್ಮ ಕೈಗೆ ಬರುವುದು ಮೊದಲಿದ್ದ ಅದೇ ಒಂದು ಔನ್ಸ್. 60ಕ್ಕೆ ಇಳಿದರೆ 1.2 ಔನ್ಸ್. ಬದಲಿಸುವ ಮೊದಲು ನಿಮ್ಮ ವ್ಯಾಪಾರಿ ಬೆಳ್ಳಿಯನ್ನು ಯಾವ ದರಕ್ಕೆ ಮಾರುತ್ತಾರೆ ಎಂದು ಕೇಳಿದರೆ ಸಾಲದು. ಅದೇ ದಿನ, ಅದೇ ಗಟ್ಟಿಯನ್ನು ಯಾವ ದರಕ್ಕೆ ಮರಳಿ ಕೊಳ್ಳುತ್ತಾರೆ ಎಂದೂ ಕೇಳಿ, ನಿಮ್ಮದೇ ಸಂಖ್ಯೆಗಳನ್ನಿಟ್ಟು ಈ ಲೆಕ್ಕ ಹಾಕಿ. ಸಣ್ಣ ಬಿಲ್ಲೆಗಳಲ್ಲಿ ಅಂತರ ದೊಡ್ಡದು, ದೊಡ್ಡ ಗಟ್ಟಿಗಳಲ್ಲಿ ಕಡಿಮೆ. 76 ಔನ್ಸ್ ಬೆಳ್ಳಿ ಎಂದರೆ ಎರಡು ಕಿಲೋ ಮುನ್ನೂರೈವತ್ತು ಗ್ರಾಮಿಗಿಂತ ತುಸು ಹೆಚ್ಚು. ಒಂದು ಔನ್ಸ್ ಚಿನ್ನ ಇಟ್ಟ ಪುಟ್ಟ ಡಬ್ಬಿಯಲ್ಲಿ ಅದು ಹಿಡಿಸುವುದಿಲ್ಲ. ಇಡುವ ಜಾಗಕ್ಕೆ, ವಿಮೆಗೆ ತಗಲುವುದನ್ನೂ ಆ 5% ಜೊತೆ ಕೂಡಿಸಿಕೊಳ್ಳಬೇಕು.