ನಾಸ್ತಿಕರ ಪಾಠದಲ್ಲಿ ಖಾಲಿ ಕಾಲಂ: ನಾಲ್ಕು ವರ್ಷದ ನನ್ನ ಅನುಭವ

ಶಿಡ್ಲಘಟ್ಟದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ವಾರಕ್ಕೊಂದು ಪೀರಿಯಡ್ 'ಧರ್ಮಗಳ ಪರಿಚಯ' ಇದೆ. ಟ್ರಸ್ಟ್ ನಡೆಸುವ ಶಾಲೆ, ಅನುದಾನ ಇಲ್ಲ. ಆರು ಧರ್ಮ, ಆರು ಪಾಠ. ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗ ಕೇಳಿದ: "ಸಾರ್, ನಮ್ಮ ಮಾವ ದೇವರನ್ನ ನಂಬಲ್ಲ. ಅವರು ಯಾವ ಪಾಠದಲ್ಲಿ ಬರ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಏಳನೇ ಪಾಠ ಸೇರಿಸ್ತೀನಿ ಅಂದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೇಡ ಅಂದರು. "ಪೋಷಕರು ಗೇಟಿಗೆ ಬರ್ತಾರೆ, ನೋಡ್ತಿರಿ" ಅಂತ ನಮ್ಮ ಹಿರಿಯ ಮೇಡಂ ಎಚ್ಚರಿಸಿದರು. ಎರಡನೇ ವರ್ಷ ಅವರ ಮಾತು ನಿಜವೂ ಆಯಿತು. ಈಗ ಅದೇ ವಿಷಯ ಬೇರೆ ರೂಪದಲ್ಲಿ ಸಲೀಸಾಗಿ ನಡೆಯುತ್ತಿದೆ. ಚಿಂತಾಮಣಿ ಕಡೆಯ ಇಬ್ಬರು ಮೇಷ್ಟ್ರುಗಳು ಹಾಳೆ ಕೇಳಿ ತಗೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೇ ವರ್ಷ ನಾನೇ ಪುಸ್ತಿಕೆ ಮಾಡಿದೆ. 48 ಪುಟ, ನೂರೈವತ್ತು ಪ್ರತಿ. ಸುಮಾರು ನಾಲ್ಕು ಸಾವಿರ ಕೈಯಿಂದಲೇ ಹೋಯಿತು. ಉಳಿದ ಧರ್ಮಗಳಿಗೆ ಇದ್ದ ಕೋಷ್ಟಕವನ್ನೇ ಇದಕ್ಕೂ ಹಾಕಿದ್ದೆ: ಸ್ಥಾಪಕರು, ಗ್ರಂಥ, ದೇವರು, ಪೂಜಾಸ್ಥಳ, ಹಬ್ಬ. ನಾಸ್ತಿಕತೆಯ ಸಾಲಿನಲ್ಲಿ ಮಕ್ಕಳು ಇಲ್ಲ, ಇಲ್ಲ, ಇಲ್ಲ ಅಂತ ಐದು ಸಲ ಬರೆದರು. ಪರೀಕ್ಷೆಯಲ್ಲಿ ಒಬ್ಬಳು ಬರೆದಿದ್ದಳು: "ನಾಸ್ತಿಕರಿಗೆ ಏನೂ ಇರುವುದಿಲ್ಲ." ಅದನ್ನು ಓದಿ ನಾನು ಕೆಂಪು ಪೆನ್ನು ಕೆಳಗಿಟ್ಟೆ. ಅವಳ ತಪ್ಪಲ್ಲ. ನನ್ನ ಕೋಷ್ಟಕ ಕೇಳಿದ್ದೇ ಅದನ್ನು. ಧರ್ಮದ ಅಳತೆಕೋಲು ಹಿಡಿದು ಅಳೆದರೆ ಧರ್ಮವಿಲ್ಲದವರು ಸೊನ್ನೆಯಾಗಿಯೇ ಕಾಣುತ್ತಾರೆ, ಅಲ್ವಾ?

ಎರಡನೇ ವರ್ಷದ ಪೆಟ್ಟು ಇನ್ನೂ ಜೋರು. ಪವಾಡ ಬಯಲು ಮಾಡುವ ಒಬ್ಬರನ್ನು ಕರೆಸಿದೆ. ಬಸ್ಸು, ಊಟ, ಸಾಮಾನು ಸೇರಿ ಎರಡು ಸಾವಿರದ ಹತ್ತಿರ ಖರ್ಚು. ಅವರು ನಾಲಿಗೆ ಮೇಲೆ ಕರ್ಪೂರ ಉರಿಸಿದರು, ಬೆರಳಿನಿಂದ ವಿಭೂತಿ ಉದುರಿಸಿದರು. ಮಕ್ಕಳಿಗೆ ಖುಷಿಯೋ ಖುಷಿ. ಮರುದಿನ ಏಳೆಂಟು ಪೋಷಕರು ಬಂದರು. ಅವರಲ್ಲಿ ಒಬ್ಬ ತಾಯಿ ಹೇಳಿದ್ದು ನನಗೆ ನಾಟಿತು: "ನಾನೂ ಇಂಥ ಬಾಬಾಗಳನ್ನ ನಂಬಲ್ಲ ಸಾರ್. ಆದ್ರೆ ದೇವರನ್ನ ನಂಬ್ತೀನಿ." ಅವರ ಮಾತು ಸರಿ. ಪವಾಡ ಬೇಡ ಅನ್ನುವ ಭಕ್ತರು ಬೇಕಾದಷ್ಟು ಜನ ಇದ್ದಾರೆ. ಪವಾಡ ಬಯಲು ಮಾಡುವುದು ಒಂದು ಕೆಲಸ, ದೇವರಿಲ್ಲ ಅನ್ನುವುದು ಬೇರೆ ನಿಲುವು. ನಾನು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೆ.

ಇದೇ ತಪ್ಪನ್ನು ಎಚ್. ನರಸಿಂಹಯ್ಯನವರ ವಿಷಯದಲ್ಲೂ ಮಾಡಿದ್ದೆ. ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದವರು. ಎರಡನೇ ವರ್ಷ ಅವರನ್ನು ನಾಸ್ತಿಕರ 'ಸ್ಥಾಪಕರು' ಕಾಲಂಗೆ ತುಂಬಿಸಿಬಿಟ್ಟಿದ್ದೆ. ಈಗ ಅವರು ಬರುವುದು 'ನಿಜ ಯಾವುದು ಅಂತ ಹೇಗೆ ತಿಳಿಯುವುದು' ಅನ್ನುವ ಪಾಠದಲ್ಲಿ. ಪ್ರಶ್ನಿಸುವುದು ಭಕ್ತರಿಗೂ ಬೇಕು ಅಂತ ಹೇಳುವಾಗ ನಮ್ಮ ಕಡೆಯ ಒಬ್ಬರ ಹೆಸರು ಇರುವುದು ಮಕ್ಕಳಿಗೆ ಇಷ್ಟ.

ಮೂರನೇ ವರ್ಷ ಏಳನೇ ಪಾಠವನ್ನೇ ತೆಗೆದುಹಾಕಿದೆ. ಆರು ಪಾಠಗಳನ್ನೂ ತೆಗೆದೆ. ಬದಲಿಗೆ ನಾಲ್ಕು ಪ್ರಶ್ನೆ ಇಟ್ಟೆ. ನಿಜ ಯಾವುದು ಅಂತ ಇವರು ಹೇಗೆ ತಿಳಿಯುತ್ತಾರೆ? ಒಳ್ಳೆಯದು ಕೆಟ್ಟದ್ದನ್ನು ಹೇಗೆ ನಿರ್ಧರಿಸುತ್ತಾರೆ? ಮನೆಯಲ್ಲಿ ಸಾವಾದರೆ ಏನು ಮಾಡುತ್ತಾರೆ, ಯಾಕೆ? ಅವರವರೊಳಗೇ ಯಾವುದರ ಬಗ್ಗೆ ಜಗಳ? ಪ್ರತಿ ಪ್ರಶ್ನೆಗೂ ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ ಎಲ್ಲರೂ ಉತ್ತರ ಕೊಡುತ್ತಾರೆ. ಅದೇ ಸಾಲಿನಲ್ಲಿ ನಾಸ್ತಿಕರೂ ಕೊಡುತ್ತಾರೆ. ಖಾಲಿ ಕಾಲಂ ಒಂದೂ ಇಲ್ಲ. ಹೊಸ ಪುಸ್ತಕವೂ ಬೇಡ. ಪ್ರಶ್ನೆಗೊಂದು ಎ4 ಹಾಳೆ, ಎರಡೂ ಕಡೆ ಜೆರಾಕ್ಸ್. ಎಂಬತ್ತು ಮಕ್ಕಳಿಗೆ ಒಂದು ಪ್ರಶ್ನೆಯ ಖರ್ಚು ಇನ್ನೂರು ರೂಪಾಯಿ ದಾಟಲ್ಲ.

ಇಷ್ಟಾದರೂ 'ನಾಸ್ತಿಕ' ಅನ್ನುವ ಪದ ಕೈಕೊಟ್ಟಿತು. ಮನೆಮಾತಿನಲ್ಲಿ ನಾಸ್ತಿಕ ಅಂದರೆ ದೇವರನ್ನು ನಂಬದವನು. ಹಳೆಯ ದರ್ಶನಗಳ ಲೆಕ್ಕದಲ್ಲಿ ವೇದವನ್ನು ಪ್ರಮಾಣ ಅಂತ ಒಪ್ಪದವನು. ಆ ಲೆಕ್ಕದಲ್ಲಿ ಜೈನರೂ ಬೌದ್ಧರೂ ನಾಸ್ತಿಕರು. ವೇದಕ್ಕಾಗಿ ಹೋರಾಡಿದ ಮೀಮಾಂಸಕ ಕುಮಾರಿಲ ಭಟ್ಟ ಆಸ್ತಿಕ. ಆದರೆ ಲೋಕವನ್ನು ಸೃಷ್ಟಿ ಮಾಡಿದ ಒಬ್ಬ ಈಶ್ವರ ಇದ್ದಾನೆ ಅನ್ನುವುದನ್ನು ಆತ ಒಪ್ಪಲಿಲ್ಲ. ಇದನ್ನು ಹೇಳಿದ ದಿನ ತರಗತಿಯೇ ಬೇರೆಯಾಯಿತು. ಒಂದು ಪೀರಿಯಡ್ ಪೂರ್ತಿ ಇದಕ್ಕೇ ಕೊಡಿ, ಹೊರೆ ಅನ್ನಿಸಲ್ಲ. ದೇವರಿಲ್ಲ ಅನ್ನುವುದು ಯಾವುದೋ ದೇಶದಿಂದ ಬಂದದ್ದು ಅನ್ನುವ ಅನುಮಾನ ಅಲ್ಲಿಗೇ ಕರಗುತ್ತದೆ. ಆಮೇಲೆ ಹಾಳೆಯಲ್ಲಿ 'ನಿರೀಶ್ವರವಾದಿ' ಅಂತಲೇ ಬರೆಯುತ್ತೇನೆ.

ದೇವರು, ಪರಲೋಕ ಎರಡನ್ನೂ ಒಪ್ಪದ ಹಳೆಯ ಕಾಲದ ಚಾರ್ವಾಕರ ವಿಷಯದಲ್ಲಿ ನ್ಯಾಯ ಮಾಡುವುದು ಕಷ್ಟ. ಅವರ ಸ್ವಂತ ಗ್ರಂಥ ಉಳಿದಿಲ್ಲ, ಅಲ್ಲಲ್ಲಿ ಚೂರುಗಳಿವೆ ಅಷ್ಟೆ. ಜಾಸ್ತಿ ಸಿಗುವುದು ಅವರನ್ನು ಖಂಡಿಸಿದವರ ಪುಸ್ತಕಗಳಲ್ಲಿ. 'ಸಾಲ ಮಾಡಿಯಾದರೂ ತುಪ್ಪ ತಿನ್ನು' ಶ್ಲೋಕವೂ ಹಾಗೆ ಬಂದದ್ದೇ. ಮೊದಲು ನಾನೂ ಅದರಿಂದಲೇ ಶುರು ಮಾಡುತ್ತಿದ್ದೆ. ಮಕ್ಕಳು ನಕ್ಕು ಅಲ್ಲಿಗೇ ಮುಗಿಸುತ್ತಿದ್ದರು. ಈಗ ಹೊಗೆಯಿಂದ ಶುರು ಮಾಡುತ್ತೇನೆ. ಹೊಗೆ ಕಂಡರೆ ಬೆಂಕಿ ಇದೆ ಅಂತ ಊಹಿಸಬಹುದಾ? ಹೌದು ಅನ್ನುತ್ತಾರೆ. ಚಳಿಗಾಲದ ಬೆಳಿಗ್ಗೆ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆಯಿಂದ ಏಳುವ ಬಿಸಿನೀರಿನ ಹಬೆ ದೂರಕ್ಕೆ ಹೊಗೆಯ ಹಾಗೇ ಕಾಣುತ್ತದಲ್ಲ, ಆಗೇನು? ಅಲ್ಲಿಂದ ಚಾರ್ವಾಕರ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಕಣ್ಣಾರೆ ಕಂಡದ್ದನ್ನು ಬಿಟ್ಟು ಊಹೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು? ಅವರಲ್ಲೇ ಪುರಂದರ ಅನ್ನುವವನು ಲೋಕವ್ಯವಹಾರಕ್ಕೆ ಊಹೆ ಸರಿ, ಪರಲೋಕಕ್ಕೆ ನಡೆಯಲ್ಲ ಅಂದ. ಇದು ನಾಲ್ಕನೇ ಪ್ರಶ್ನೆಗೆ, ಅಂದರೆ ಒಳಜಗಳಕ್ಕೆ, ಸರಿಯಾದ ಉದಾಹರಣೆ.

ದೇವರಿದ್ದಾನೋ ಇಲ್ಲವೋ ಗೊತ್ತಿಲ್ಲ ಅನ್ನುವ ಅಜ್ಞೇಯತಾವಾದಿಗಳು ಅಂದರೆ ಮಕ್ಕಳಿಗೆ ಎರಡು ದೋಣಿಯಲ್ಲಿ ಕಾಲಿಟ್ಟವರು. ಅದನ್ನು ಬಿಡಿಸಲು ಒಂದು ಪ್ರಯೋಗ ಮಾಡಿದೆ. ಕೈಯಲ್ಲಿ ಒಂದು ರೇಷ್ಮೆ ಗೂಡು ಹಿಡಿದು, ಕತ್ತರಿಸದೆ ಒಳಗಿನ ಹುಳು ಹೇಗಿದೆ ಅಂತ ಹೇಳಲಾಗುತ್ತಾ ಅಂದೆ. ಆಗಲ್ಲ ಅನ್ನುತ್ತಾರೆ ಅಂತ ನನ್ನ ಲೆಕ್ಕ. ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದಳು. ಗೂಡನ್ನು ಕಿವಿ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದಳು. "ಟಕಟಕ ಅಂತಿದೆ ಸಾರ್, ಚೆನ್ನಾಗಿದೆ. ಸತ್ತು ಅಂಟ್ಕೊಂಡಿದ್ರೆ ಸದ್ದು ಬರಲ್ಲ." ಗೂಡಿನ ಮಾರುಕಟ್ಟೆ ಇರುವ ಊರು. ನಾನು ಯೋಚಿಸಬೇಕಿತ್ತು. ಪಾಠ ಕೆಟ್ಟಿತು ಅಂದುಕೊಂಡೆ. ಆದರೆ ಅದರಲ್ಲೇ ದಾರಿ ಸಿಕ್ಕಿತು. ಅಲ್ಲಾಡಿಸುವುದು ಗೊತ್ತಿಲ್ಲದವನು 'ನನಗೆ ಗೊತ್ತಿಲ್ಲ' ಅನ್ನುತ್ತಾನೆ. ಅವನು ಕಲಿಯಬಹುದು. 'ಇದನ್ನು ತಿಳಿಯಲು ಯಾರಿಗೂ ದಾರಿಯೇ ಇಲ್ಲ' ಅನ್ನುವುದು ಬೇರೆ ಮಾತು. ಅಜ್ಞೇಯತಾವಾದಿಗಳಲ್ಲಿ ಈ ಎರಡೂ ತರದವರಿದ್ದಾರೆ. 1869ರಲ್ಲಿ ಈ ನಿಲುವಿಗೆ ಇಂಗ್ಲಿಷಿನಲ್ಲಿ ಹೆಸರಿಟ್ಟ ಥಾಮಸ್ ಹಕ್ಸ್‌ಲಿ ಕೇಳಿದ್ದು, ಪುರಾವೆ ಇಲ್ಲದೆ ಗೊತ್ತು ಅನ್ನಬೇಡಿ ಅಂತ. ಇದನ್ನು ಹೇಳಿದ ಮೇಲೆ ದೋಣಿಯ ಮಾತು ನಿಂತಿತು.

ಮಾನವತಾವಾದಕ್ಕೆ ಬೇರೆಯದೇ ತೊಡಕು. 'ಮಾನವೀಯತೆ' ಅಂದರೆ ಕನ್ನಡದಲ್ಲಿ ಕರುಣೆ. ಹಾಗಾಗಿ ಮಕ್ಕಳು 'ಎಲ್ಲಾ ಧರ್ಮವೂ ಮಾನವತಾವಾದವನ್ನೇ ಹೇಳುತ್ತದೆ' ಅಂತ ಬರೆದು ಹತ್ತಕ್ಕೆ ಹತ್ತು ನಿರೀಕ್ಷಿಸುತ್ತಾರೆ. ಆದರೆ ಮಾನವತಾವಾದ ಅಂದರೆ ದೇವರ ಆಜ್ಞೆ, ಪರಲೋಕ, ಕರ್ಮಫಲ ಯಾವುದನ್ನೂ ಆಧಾರ ಮಾಡದೆ ಒಳ್ಳೆಯತನಕ್ಕೆ ಕಾರಣ ಕೊಡುವ ನಿಲುವು. ಇದನ್ನು ವಿವರಿಸಲು ಆಂಧ್ರದ ಗೋಪರಾಜು ರಾಮಚಂದ್ರರಾವ್, ಅಂದರೆ ಗೋರಾ, ಸಿಕ್ಕಿದರು. ನಮ್ಮಲ್ಲಿ ಅರ್ಧ ಮಕ್ಕಳ ಮನೆಮಾತು ತೆಲುಗು, ಗೋರಾ ಆ ಮಕ್ಕಳಿಗೆ ಬೇಗ ಹತ್ತಿರವಾಗುತ್ತಾರೆ. ನಾಸ್ತಿಕ ಅಂತ ಬಹಿರಂಗವಾಗಿ ಹೇಳಿಕೊಂಡೇ ಗಾಂಧೀಜಿ ಜೊತೆ ಕೆಲಸ ಮಾಡಿದವರು, ಅಸ್ಪೃಶ್ಯತೆ ವಿರುದ್ಧ ಸಹಭೋಜನ ನಡೆಸಿದವರು. ಉಪ್ಪಿನ ಸತ್ಯಾಗ್ರಹದ ವರ್ಷ ಹುಟ್ಟಿದ ಮಗನಿಗೆ ಲವಣಂ ಅಂತ ಹೆಸರಿಟ್ಟರು. ಒಂದೇ ಊಟದ ಸಾಲಿಗೆ ಭಕ್ತ ಯಾಕೆ ಕೂರುತ್ತಾನೆ, ಗೋರಾ ಯಾಕೆ ಕೂರುತ್ತಾರೆ ಅಂತ ಬರೆಸುತ್ತೇನೆ. ಕೆಲಸ ಒಂದೇ, ಕಾರಣ ಬೇರೆ. ಆ ವ್ಯತ್ಯಾಸ ಬರೆದವರಿಗೆ ಅಂಕ. ಬಸವಣ್ಣನವರನ್ನಾಗಲಿ ಕುವೆಂಪು ಅವರನ್ನಾಗಲಿ ಈ ಸಾಲಿಗೆ ಎಳೆಯಬೇಡಿ. ಒಂದು ವರ್ಷ ಎಳೆದು ನೋಡಿದ್ದೇನೆ, ಎರಡೂ ಕಡೆಗೆ ಅನ್ಯಾಯ.

ಮೌಲ್ಯಮಾಪನದಲ್ಲಿ ನಾನು ಹಟದಿಂದ ಹಿಡಿದದ್ದು ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು ಅವರು ಒಪ್ಪುವ ಹಾಗೆ ಹೇಳುವುದನ್ನು. ಮಗುವಿನ ಸ್ವಂತ ನಂಬಿಕೆ ಏನು ಅಂತ ಬಾಯಲ್ಲೂ ಕೇಳಲ್ಲ, ಹಾಳೆಯಲ್ಲೂ ಕೇಳಲ್ಲ. ಮೊದಲು 'ದೇವರಿದ್ದಾನೆಯೇ?' ಅಂತ ಕೇಳಿದಾಗ ನನಗೆ ಇಷ್ಟ ಅಂದುಕೊಂಡದ್ದನ್ನೇ ಬರೆದಿದ್ದರು. ಈಗ ಚೀಟಿ ಎತ್ತಿ ಬಂದ ನಿಲುವನ್ನು ಆ ನಿಲುವಿನವರೇ ಓದಿ 'ಹೌದು, ಇದು ನನ್ನ ಮಾತೇ' ಅನ್ನುವ ಹಾಗೆ ಎಂಟು ಸಾಲು ಬರೆಯಬೇಕು. ಚೀಟಿ ಹಂಚುವ ಕ್ರಮದಲ್ಲಿ ನನ್ನದೊಂದು ಕೈಚಳಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಒಬ್ಬ ರೀಲರ್ ಭಾಯ್ ಮೊಮ್ಮಗನ ಹಾಳೆ ಹಿಡಿದು ಬಂದರು. ನಿರೀಶ್ವರವಾದಿಯ ಚೀಟಿ ಅವನಿಗೆ ಬಂದಿತ್ತು. "ಹುಡ್ಗ ಚೆನ್ನಾಗೇ ಬರ್ದಿದ್ದಾನೆ ಮೇಷ್ಟ್ರೇ. ಇದಕ್ಕೆ ಜವಾಬೂ ಕಲಿಸ್ತೀರಾ?" ಅಂದರು. ಕಲಿಸ್ತೀನಿ ಭಾಯ್ ಅಂದೆ. ಅವತ್ತಿನಿಂದ ಪ್ರತಿ ಹಾಳೆಯ ಹಿಂಬದಿಯಲ್ಲಿ ಎದುರಿನವರ ಉತ್ತರ ಇದೆ. ಮಡಕೆಗೆ ಕುಂಬಾರ ಬೇಕಲ್ಲ, ಲೋಕಕ್ಕೆ ಬೇಡವೇ ಅನ್ನುವ, ನ್ಯಾಯದರ್ಶನದವರಾದ ನೈಯಾಯಿಕರ ವಾದ ಒಂದು ಕಡೆ. ದೇಹವಿಲ್ಲದ ಕುಂಬಾರನನ್ನು ಯಾರು ಕಂಡಿದ್ದಾರೆ ಅನ್ನುವ ಮಾತು ಇನ್ನೊಂದು ಕಡೆ.

ಕಾನೂನಿನ ಬಗ್ಗೆ ಕಾರ್ಯದರ್ಶಿಗೆ ಭಯ ಇತ್ತು. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಧರ್ಮಬೋಧನೆಗೂ ಧರ್ಮಗಳ ಬಗ್ಗೆ ತಿಳಿಸುವುದಕ್ಕೂ ಗೆರೆ ಎಳೆದಿದೆ ಅಂತ ತೋರಿಸಿದೆ. ಪೋಷಕರ ಒಪ್ಪಿಗೆ ಪತ್ರವನ್ನೂ ತರಿಸಿದೆ. ಎಂಬತ್ತರಲ್ಲಿ ಮೂವರು ಸಹಿ ಹಾಕಲಿಲ್ಲ. ಆ ಮೂರು ಮಕ್ಕಳು ಆ ಹೊತ್ತು ಲೈಬ್ರರಿಯಲ್ಲಿರುತ್ತಾರೆ.

ಇನ್ನೂ ಸರಿಹೋಗದಿರುವುದು ಸಾವಿನ ಪ್ರಶ್ನೆ. ತಿಥಿ, ಜನಾಜಾ, ಸಮಾಧಿ ಎಲ್ಲ ಮಕ್ಕಳು ಕಂಡದ್ದೇ. ಮಾನವತಾವಾದಿ ಮನೆಯಲ್ಲಿ ಮಂತ್ರವಿಲ್ಲದೆ, ಹೋದವರ ಬದುಕನ್ನು ನೆನೆದು ಬೀಳ್ಕೊಡುತ್ತಾರೆ, ಕೆಲವರು ದೇಹದಾನ ಮಾಡುತ್ತಾರೆ ಅಂದಾಗ ಕಳೆದ ವರ್ಷ ಒಬ್ಬ ಹುಡುಗ ತಲೆ ತಗ್ಗಿಸಿ ಕೂತಿದ್ದ. ಎರಡು ತಿಂಗಳ ಹಿಂದೆ ಅವನ ಅಪ್ಪ ತೀರಿಹೋಗಿದ್ದರು. ನಾನು ವಿಚಾರಿಸಿರಲಿಲ್ಲ. ಈಗ ಆ ಹಾಳೆ ತೆಗೆಯುವ ಮುಂಚೆ ಕ್ಲಾಸ್ ಟೀಚರ್ ಹತ್ತಿರ ಕೇಳುತ್ತೇನೆ. ಈ ಸಲ ಬಿ ವಿಭಾಗದಲ್ಲಿ ಒಂದು ಮನೆಯಲ್ಲಿ ಹಾಗಾಗಿದೆ, ಅಲ್ಲಿಗೆ ಆ ಪ್ರಶ್ನೆಯನ್ನು ಜನವರಿಗೆ ಮುಂದೂಡಿದ್ದೇನೆ.